ನಾಲ್ಕಿಂಚಿನ ಪೈಪು, ಎರಡಿಂಚಿನ ಬಾಯಿ

ಮೆಟ್ಟಿಲ ಮೇಲೆ ನೀರು ಬೀಳುವ ಸದ್ದು ಮೊದಲು ಕೇಳಿಸಿದ್ದು ಅಮ್ಮನಿಗೆ. ಮಂಗಳವಾರ ಸಂಜೆ, ಕರೆಂಟ್ ಹೋಗಿತ್ತು. ಯಾರೋ ಮೇಲಿನಿಂದ ಕೊಡ ಉರುಳಿಸಿದ್ದಾರೆ ಅಂದುಕೊಂಡು ಅಮ್ಮ ಟಾರ್ಚ್ ಹಿಡಿದು ಹೋದರು. ನಾನೂ ಹಿಂದೆಯೇ ಓಡಿದೆ. ಟೆರೇಸಿನ ಬಾಗಿಲ ಕೆಳಗಿನಿಂದ ನೀರು ಒಳಗೆ ನುಗ್ಗಿ, ಒಂದೊಂದೇ ಮೆಟ್ಟಿಲು ಇಳಿದು, ಹಾಲ್‌ನಲ್ಲಿ ಇಟ್ಟಿದ್ದ ಅಕ್ಕಿ ಮೂಟೆಯ ಕಡೆ ಹರಿಯುತ್ತಿತ್ತು.

ಬಾಗಿಲು ತೆಗೆದಾಗ ಅಪ್ಪ ಆಗಲೇ ಹೊರಗಿದ್ದರು. ಅವರ ಪಾದ ಮುಳುಗುವಷ್ಟು ನೀರು. ಮೂಲೆಯಲ್ಲಿ ಬಗ್ಗಿ, ಪೈಪಿನ ಬಾಯಿಗೆ ಮುಚ್ಚಿದ್ದ ಜಾಲಿಯನ್ನು ಒಂದು ಕೋಲಿನಿಂದ ಮೀಟುತ್ತಿದ್ದರು. ಜಾಲಿ ಎದ್ದು ಬಂದ ಕೂಡಲೇ ನೀರು ಗುಡುಗಿದ ಹಾಗೆ ಸದ್ದು ಮಾಡಿ ಪೈಪಿಗೆ ಇಳಿಯಿತು. ಅಪ್ಪ ನನ್ನ ಕಡೆ ತಿರುಗಿ ಅಂದರು, "ಪೈಪು ಚೆನ್ನಾಗೇ ಇದೆ ಕಣಮ್ಮ. ಬಾಯಿ ಕಟ್ಟಿದೆ."

ಇನ್ನೊಂದು ಮೂಲೆಯ ಜಾಲಿ ಮಾತ್ರ ಏಳಲಿಲ್ಲ. ಅದನ್ನು ಸಿಮೆಂಟು ಹಾಕಿ ಕೂರಿಸಿಬಿಟ್ಟಿದ್ದರು. ಮಳೆ ನಿಲ್ಲುವವರೆಗೂ ಅಪ್ಪ ಅಲ್ಲೇ ನಿಂತು ಕೋಲಿನಿಂದ ಕಸ ಸರಿಸುತ್ತಲೇ ಇದ್ದರು. ಎಪ್ಪತ್ತು ದಾಟಿದ ಮನುಷ್ಯ, ಮೇಲೆ ಮಿಂಚುತ್ತಿದೆ. ಅದನ್ನು ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಗುರುವಾರ ಮೇಸ್ತ್ರಿಯನ್ನು ಕರೆಸಿದೆವು. ಮೂರು ವರ್ಷದ ಹಿಂದೆ ಈ ಮನೆ ಕಟ್ಟಿದವರು ಅವರೇ. ಎಲ್ಲ ನೋಡಿ ಅವರು ಹೇಳಿದ್ದು ಒಂದೇ ಮಾತು. "ನಾಲ್ಕಿಂಚು ಹಾಕಿದ್ದೀನಲ್ಲ ಮೇಡಂ, ಇನ್ನೇನು?"

ಈ ಮಾತು ವಾರವಿಡೀ ನನ್ನ ಕಿವಿಯಲ್ಲಿದೆ. ಅವರು ಸುಳ್ಳು ಹೇಳುತ್ತಿಲ್ಲ. ಪೈಪು ನಿಜವಾಗಿಯೂ ನಾಲ್ಕಿಂಚಿನದು. ಕೆಲಸಗಾರ ಒಳ್ಳೆಯವರು, ನಮ್ಮ ಗೋಡೆಗೆ ತೂಗುಗುಂಡು ಹಿಡಿದರೆ ಒಂದು ನೂಲೂ ಆಚೀಚೆ ಇಲ್ಲ. ಹಾಗಿದ್ದರೆ ನೀರು ಯಾಕೆ ನಿಂತಿತು?

ಅಪ್ಪ ಕಿತ್ತ ಜಾಲಿ ತೊಟ್ಟಿಯ ಪಕ್ಕ ಬಿದ್ದಿತ್ತು. ಅದನ್ನು ತಂದು ಊಟದ ಮೇಜಿನ ಮೇಲಿಟ್ಟು ತೂತುಗಳನ್ನು ಎಣಿಸಿದೆ. 24 ತೂತು. ಒಂದೊಂದೂ ಒಂದು ಸೆಂಟಿಮೀಟರ್ ಅಗಲ. ಅಂಥ ಒಂದು ತೂತಿನ ವಿಸ್ತೀರ್ಣ ಮುಕ್ಕಾಲು ಚದರ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. 24 ಸೇರಿದರೆ ಸುಮಾರು 19 ಚದರ ಸೆಂಟಿಮೀಟರ್. ನಾಲ್ಕಿಂಚಿನ ಪೈಪಿನ ಬಾಯಿ ಸುಮಾರು 78. ಅಂದರೆ ಕಾಲುಭಾಗ. 19 ಚದರ ಸೆಂಟಿಮೀಟರ್ ಅಂದರೆ ಎರಡಿಂಚಿನ ಪೈಪಿನ ಬಾಯಿ. ದುಡ್ಡು ಕೊಟ್ಟು ನಾಲ್ಕಿಂಚಿನ ಪೈಪು ತಂದು, ಅದರ ಮೇಲೆ ಎರಡಿಂಚಿನ ಬಾಯಿ ಇಟ್ಟಿದ್ದೇವೆ. ಅಂಗಡಿಯಲ್ಲಿ ಈ ಜಾಲಿಯನ್ನು 'ನಾಲ್ಕಿಂಚಿನ ಜಾಲಿ' ಅಂತಲೇ ಕೊಡುತ್ತಾರೆ. ಪೈಪಿಗೆ ಕೂರುತ್ತದೆ ಅನ್ನುವ ಅರ್ಥದಲ್ಲಿ ಅದು ಸರಿ. ನೀರು ಬಿಡುವ ಲೆಕ್ಕದಲ್ಲಿ ಅಲ್ಲ.

ಅದೂ ತೂತುಗಳೆಲ್ಲ ತೆರೆದಿದ್ದಾಗಿನ ಮಾತು. ನಮ್ಮ ಹಿಂದಿನ ಸೈಟಿನಲ್ಲಿ ಎರಡು ತೆಂಗಿನ ಮರ ಇವೆ. ತುಮಕೂರಿನಲ್ಲಿ ತೆಂಗು ಇಲ್ಲದ ಬೀದಿ ಹುಡುಕಬೇಕು ಬಿಡಿ. ಹೊಂಬಾಳೆಯಿಂದ ಉದುರುವ ಹೂವು ಹೆಚ್ಚು ಕಡಿಮೆ ಆ ತೂತಿನ ಅಳತೆಯದೇ. ನೀರು ಎಳೆದುಕೊಂಡು ಬಂದು ಒಂದೊಂದು ತೂತಿಗೆ ಒಂದೊಂದು ಹೂವು ಬಿರಡೆ ಹಾಕಿದ ಹಾಗೆ ಕೂರಿಸುತ್ತದೆ. ಅದರ ಮೇಲೆ ಪಕ್ಕದ ಹೊಂಗೆಯ ನಾಲ್ಕು ಎಲೆ ಚಪ್ಪಟೆಯಾಗಿ ಅಂಟಿದರೆ ಮುಗಿಯಿತು. ಜಾಲಿ ನೆಲದ ಮಟ್ಟಕ್ಕೆ ಚಪ್ಪಟೆಯಾಗಿ ಇರುವುದೇ ತೊಂದರೆ. ನೀರಿನ ಭಾರವೇ ಎಲೆಯನ್ನು ಅದರ ಮೇಲೆ ಒತ್ತಿ ಹಿಡಿಯುತ್ತದೆ. ನೀರು ಏರಿದಷ್ಟೂ ಎಲೆ ಇನ್ನೂ ಬಿಗಿ.

ಇದಕ್ಕೆ ಬುಟ್ಟಿ ಬೋರಲು ಹಾಕಿದ ಹಾಗೆ ಎತ್ತರವಾಗಿರುವ ಜಾಲಿ ಸಿಗುತ್ತದೆ, ಡೋಮ್ ಜಾಲಿ. ಎಲೆ ಅದರ ಬುಡಕ್ಕೆ ಸುತ್ತಲೂ ಸೇರಿಕೊಂಡರೂ ನೀರು ಒಂದಿಂಚು ಏರಿ ಮೇಲಿನ ಸೀಳುಗಳಿಂದ ಒಳಗೆ ಹೋಗುತ್ತದೆ. ಅಂಗಡಿಯಲ್ಲಿ ಆರಿಸುವಾಗ ನಾನು ನೋಡಿದ್ದು ಎರಡೇ ವಿಷಯ. ಒಂದು, ಸೀಳುಗಳ ಒಟ್ಟು ವಿಸ್ತೀರ್ಣ ಪೈಪಿನ ಬಾಯಿಯ ಎರಡರಷ್ಟಾದರೂ ಇರಬೇಕು. ಅರ್ಧ ಕಟ್ಟಿಕೊಂಡರೂ ಪೈಪಿಗೆ ಹೊಟ್ಟೆ ತುಂಬುವಷ್ಟು ನೀರು ಸಿಗಬೇಕಲ್ಲ. ಇನ್ನೊಂದು, ಸೀಳು ತೀರಾ ಸಣ್ಣದಿರಬಾರದು. ಸೊಳ್ಳೆ ಪರದೆಯಂಥ ಮೆಶ್ ಕಟ್ಟಿ ಅಂತ ಪಕ್ಕದ ಮನೆಯವರು ಹೇಳಿದರು. ಅದು ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ. ಜಾಲಿ ತಡೆಯಬೇಕಾದ್ದು ಅಗಲದ ಎಲೆ, ಪ್ಲಾಸ್ಟಿಕ್ ಕವರು, ಎಳೆಯ ಕಾಯಿ ಇವನ್ನು. ತೆಂಗಿನ ಹೂವು ನಾಲ್ಕಿಂಚಿನ ನೇರ ಪೈಪಿನಲ್ಲಿ ನೀರಿನ ಜೊತೆ ಇಳಿದು ಹೋಗುತ್ತದೆ, ಹೋಗಲಿ. ಮಳೆನೀರನ್ನು ಸಂಪ್‌ಗೆ ಬಿಡುವವರು ಆ ಹೂವನ್ನು ಕೆಳಗೆ ಫಿಲ್ಟರಿನಲ್ಲಿ ಹಿಡಿಯಬೇಕು, ಟೆರೇಸಿನ ಬಾಯಲ್ಲಿ ಅಲ್ಲ. ಮತ್ತೆ ಜಾಲಿಯನ್ನು ಸಿಮೆಂಟಿನಿಂದ ಮೆತ್ತಲೇಬಾರದು. ಕೈಯಿಂದ ಎತ್ತಿ ತೊಳೆದು ಮತ್ತೆ ಕೂರಿಸುವ ಹಾಗಿರಬೇಕು.

ಆದರೆ ಜಾಲಿ ಸರಿಹೋದರೆ ಎಲ್ಲ ಸರಿಹೋಯಿತಾ? ಆ ರಾತ್ರಿ ನಿದ್ದೆ ಬಾರದೆ ಅದನ್ನೂ ಲೆಕ್ಕ ಹಾಕಿದೆ. ಟೆರೇಸಿನಲ್ಲಿ ಅಮ್ಮ ಒಂದು ನೇರ ಅಂಚಿನ ಸ್ಟೀಲ್ ಡಬ್ಬ ಬಿಟ್ಟಿದ್ದರು. ಮಳೆ ಬಂದದ್ದು ಅರ್ಧ ಗಂಟೆ, ಅದರಲ್ಲಿ ನಿಂತ ನೀರು 5 ಸೆಂಟಿಮೀಟರ್. ಅಂದರೆ ಗಂಟೆಗೆ 100 ಮಿಲಿಮೀಟರಿನ ವೇಗ. ಒಂದು ಗಂಟೆ ಇದೇ ವೇಗದಲ್ಲಿ ಸಣ್ಣ ಜಾಗದಲ್ಲಿ ಸುರಿದರೆ ಹವಾಮಾನ ಇಲಾಖೆಯವರು ಅದನ್ನು ಮೇಘಸ್ಫೋಟ ಅನ್ನುತ್ತಾರೆ. ನಮ್ಮದು ಅಷ್ಟು ಹೊತ್ತು ಇರಲಿಲ್ಲ. ಆದರೆ ಪೈಪಿಗೆ ಒಟ್ಟು ಮಳೆ ಎಷ್ಟು ಅನ್ನುವುದು ಮುಖ್ಯ ಅಲ್ಲ, ಆ ನಿಮಿಷಕ್ಕೆ ಎಷ್ಟು ಅನ್ನುವುದೇ ಮುಖ್ಯ. ವರ್ಷದ ಮಳೆ ಕಡಿಮೆ ಇರುವ ನಮ್ಮ ಜಿಲ್ಲೆಯಲ್ಲಿ 'ಇಲ್ಲಿ ಮಳೆ ಎಲ್ಲಿದೆ, ಎರಡು ಪೈಪು ಸಾಕು' ಅನ್ನುವುದು ಇದೇ ತಪ್ಪಿನಿಂದ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಟೆರೇಸು ಸುಮಾರು 1000 ಚದರಡಿ, ಅಂದರೆ 93 ಚದರ ಮೀಟರ್. ಆ ವೇಗದಲ್ಲಿ ನಿಮಿಷಕ್ಕೆ 155 ಲೀಟರ್, ಹತ್ತು ಕೊಡದಷ್ಟು ನೀರು ಹೊರಗೆ ಹೋಗಬೇಕು. ನಮ್ಮ ದೇಶದ ಕಟ್ಟಡ ಸಂಹಿತೆಯಲ್ಲಿ ಇದಕ್ಕೊಂದು ಪಟ್ಟಿ ಇದೆ. ಗಂಟೆಗೆ 100 ಮಿಲಿಮೀಟರ್ ಮಳೆಗೆ ಒಂದು ನಾಲ್ಕಿಂಚಿನ ಪೈಪು ಸುಮಾರು 42 ಚದರ ಮೀಟರ್ ಸೂರನ್ನು ನೋಡಿಕೊಳ್ಳುತ್ತದೆ. ಮೂರಿಂಚಿನದು ಬರೀ 20. ಒಂದಿಂಚು ಇಳಿಸಿದರೆ ಅರ್ಧವೇ ಹೋಯಿತು. ಮಳೆ 150ರ ವೇಗಕ್ಕೆ ಏರಿದರೆ ನಾಲ್ಕಿಂಚಿನ ಪೈಪಿನ ಪಾಲು 28 ಚದರ ಮೀಟರಿಗೆ, ಅಂದರೆ 300 ಚದರಡಿಗೆ ಇಳಿಯುತ್ತದೆ. ನಮ್ಮ ಟೆರೇಸಿಗೆ 100ರ ಮಳೆಯಲ್ಲೇ ಮೂರು ಬೇಕು, 150ಕ್ಕೆ ನಾಲ್ಕು. ನಾಲ್ಕಿದ್ದರೆ 100ರ ಮಳೆಯಲ್ಲಿ ಒಂದು ಕಟ್ಟಿಕೊಂಡರೂ ಉಳಿದ ಮೂರು ಎಳೆದುಕೊಳ್ಳುತ್ತವೆ. ನಮ್ಮಲ್ಲಿ ಇದ್ದದ್ದು ಎರಡು, ಎರಡೂ ಹಿಂದುಗಡೆ, ಎರಡೂ ತೆಂಗಿನ ಮರದ ಕೆಳಗೆ.

ಮುಂದುಗಡೆ ಯಾಕೆ ಇಲ್ಲ? ಮನೆ ಕಟ್ಟುವಾಗ ಭಾವ ಬಂದು "ಮುಂದೆ ಪೈಪು ಕಂಡರೆ ಮನೆ ಲಕ್ಷಣ ಹೋಗುತ್ತೆ" ಅಂದಿದ್ದರು. ಭಾವನ ಮೇಲೆ ನನಗೆ ಗೌರವ ಇದೆ. ಆದರೆ ಮನೆಯಲ್ಲಿ ಇರುವವರನ್ನು ಕೇಳದೆ ಮನೆ ನೋಡುವವರ ಪರವಾಗಿ ಮಾತಾಡುವುದು ಅವರ ಸ್ವಭಾವ. ನಾವೂ ಸುಮ್ನೆ ತಲೆಯಾಡಿಸಿದೆವು, ಅದು ನಮ್ಮ ತಪ್ಪು.

ಈ ವಾರ ಮಧುಗಿರಿ ಕಡೆಯ ಅಜ್ಜಿ ಮನೆ ತುಂಬಾ ನೆನಪಾಯಿತು. ಮಣ್ಣಿನ ಮಾಳಿಗೆ. ಅಂಚಿನಲ್ಲಿ ಮುಂದಕ್ಕೆ ಚಾಚಿದ ದೋಣಿಗಳು, ಅದಕ್ಕೆ ಜಾಲಿಯೂ ಇಲ್ಲ, ಮುಚ್ಚಳವೂ ಇಲ್ಲ. ಮಳೆ ಬಂದರೆ ನಾಲ್ಕೂ ಕಡೆ ನೀರು ಧಾರೆ ಕಟ್ಟಿ ಬೀಳುತ್ತಿತ್ತು, ನಾವು ಅದರ ಕೆಳಗೆ ನಿಂತು ನೆನೆಯುತ್ತಿದ್ದೆವು. ಮಣ್ಣಿನ ಮೇಲೆ ನೀರು ನಿಂತರೆ ಸೂರೇ ಕೂರುತ್ತದೆ ಅಂತ ಅಜ್ಜಿಗೆ ಗೊತ್ತಿತ್ತು. ಆರ್‌ಸಿಸಿ ಬಂದ ಮೇಲೆ ನಮಗೆ ಆ ಭಯ ಹೋಯಿತು. ಸುತ್ತಲೂ ಮೂರಡಿ ಪ್ಯಾರಾಪೆಟ್ ಎತ್ತಿ, ಕೆಳಗೆ ಎರಡು ತೂತು ಬಿಟ್ಟೆವು. ತೂತು ಮುಚ್ಚಿದರೆ ಅದು ಟೆರೇಸಲ್ಲ, ತೊಟ್ಟಿ. ಹತ್ತು ಸೆಂಟಿಮೀಟರ್ ನೀರು ನಿಂತರೆ ಪ್ರತಿ ಚದರ ಮೀಟರಿಗೆ 100 ಕಿಲೋ. ಟೆರೇಸ್ ತುಂಬ ಹಾಗೆ ನಿಂತರೆ ಒಂಬತ್ತು ಟನ್ನು ನಮ್ಮ ತಲೆಯ ಮೇಲೆ.

ಅಜ್ಜಿಯ ದೋಣಿಯನ್ನೇ ಈಗ ವಾಪಸ್ ತರಿಸಿದ್ದೇನೆ. ಪ್ಯಾರಾಪೆಟ್‌ನಲ್ಲಿ ನೆಲದಿಂದ ಎರಡಿಂಚು ಮೇಲೆ, ಎಂಟಿಂಚು ಅಗಲದ ಎರಡು ಕಿಂಡಿ. ದುಂಡಗಲ್ಲ, ಅಗಲಕ್ಕೆ. ನೀರು ಒಂದಿಂಚು ಆಳ ಇರುವಾಗ ಹರಿವನ್ನು ನಿರ್ಧರಿಸುವುದು ಬಾಯಿಯ ಅಗಲ, ಎತ್ತರ ಅಲ್ಲ. ಅದಕ್ಕೆ ಜಾಲಿ ಇಲ್ಲ. ಗೋಡೆ ನೆನೆಯದ ಹಾಗೆ ದೋಣಿ ಒಂದಡಿ ಮುಂದೆ ಚಾಚಿದೆ, ನೀರು ನಮ್ಮ ಅಂಗಳಕ್ಕೇ ಬೀಳುತ್ತದೆ. ಅಲ್ಲಿಂದ ನೀರು ಬಿದ್ದರೆ ಪೈಪು ಕಟ್ಟಿದೆ ಅಂತ ಕೆಳಗೆ ಕೂತೇ ಗೊತ್ತಾಗುತ್ತದೆ. ಬಾಗಿಲ ಹೊಸ್ತಿಲನ್ನು ಮೂರಿಂಚಿನಿಂದ ಆರಿಂಚಿಗೆ ಏರಿಸಿದ್ದಾರೆ. ಕಿಂಡಿ ಹೊಸ್ತಿಲಿಗಿಂತ ಕೆಳಗಿಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಮುಂದುಗಡೆ ಎರಡು ಹೊಸ ಪೈಪು ಬಂತು. ಮೇಸ್ತ್ರಿ ವಾಟ ನೋಡಲು ಒಂದು ಬಕೆಟ್ ನೀರು ಚೆಲ್ಲಿದರು. ಅದೆಲ್ಲ ಹಿಂದಕ್ಕೇ ಓಡಿತು. ಹಾಗಾಗಿ ಮುಂದಿನ ಅರ್ಧಕ್ಕೆ ಹತ್ತಡಿಗೆ ಒಂದೂಕಾಲು ಇಂಚಿನ ಲೆಕ್ಕದಲ್ಲಿ ಹೊಸ ವಾಟ ಕೊಡಬೇಕಾಯಿತು. ಇಲ್ಲದಿದ್ದರೆ ಆ ಪೈಪುಗಳು ಒಣಗಿಕೊಂಡೇ ಇರುತ್ತಿದ್ದವು. ಪ್ರತಿ ಬಾಯಿಯ ಸುತ್ತ ಒಂದಡಿ ಜಾಗವನ್ನು ಒಂದಿಂಚು ತಗ್ಗು ಮಾಡಿಸಿದೆ, ಬಾಯಿಯ ಮೇಲೆ ನೀರಿನ ಆಳ ಸಿಕ್ಕರೆ ಜಾಸ್ತಿ ಎಳೆಯುತ್ತದೆ.

ನಿನ್ನೆ ಕೆಲಸ ಮುಗಿದ ಮೇಲೆ ಮೇಸ್ತ್ರಿ ಹಳೆಯ ಜಾಲಿಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ತಿರುಗಿಸಿ ನೋಡಿದರು. ತೂತುಗಳನ್ನು ಎಣಿಸುತ್ತಿದ್ದಾರೆ ಅಂತ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ಕ್ಯಾತ್ಸಂದ್ರದಲ್ಲಿ ಅವರದೇ ಇನ್ನೊಂದು ಮನೆ ಕೆಲಸ ನಡೆಯುತ್ತಿದೆಯಂತೆ. "ಇದನ್ನ ನಾನು ತಗೊಂಡು ಹೋಗ್ಲಾ ಮೇಡಂ, ಆ ಓನರಿಗೆ ತೋರಿಸಬೇಕು" ಅಂದರು. ಅಪ್ಪ ಒಳಗಿನಿಂದ ಒಂದು ಹಳೆಯ ಕವರು ತಂದುಕೊಟ್ಟರು.