ಕೊನೆಯ ಸಾಲು ಇಲ್ಲದ ಕಥೆ

"ಸರ್, ನಾಳೆ ಮೌಲ್ಯ ಶಿಕ್ಷಣದ ಅವಧಿ ಇದೆ. ಚಿಕ್ಕದೊಂದು ಕಥೆ ಕಳುಹಿಸಿ. ಕೊನೆಗೆ ನೀತಿ ಮಾತ್ರ ಸ್ಪಷ್ಟವಾಗಿರಲಿ."

ಶಿಕ್ಷಕ ಮಿತ್ರರು ಹೀಗೆ ಕೇಳಿದರೆ ಕಳುಹಿಸುವುದಿಲ್ಲ. ಕಥೆಗೆ ಬರವಿಲ್ಲ, ಸಿಟ್ಟು ಬರುವುದು ಆ ಕೊನೆಯ ವಾಕ್ಯಕ್ಕೆ. ನೀತಿ ಅಷ್ಟು ಸ್ಪಷ್ಟವಾಗಿದ್ದರೆ ಕಥೆ ಯಾಕೆ ಬೇಕು? ಹಲಗೆಯ ಮೇಲೆ ಬರೆದು ಗಂಟೆ ಹೊಡೆಸಿಬಿಡಿ, ಅವಧಿಯಾದರೂ ಉಳಿಯುತ್ತದೆ.

ನಾನೂ ಹಾಗೆಯೇ ಮಾಡುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಮುಧೋಳದ ಕಡೆ ಒಂದು ಶಾಲೆಯಲ್ಲಿದ್ದಾಗ ಏಳನೆಯ ತರಗತಿಗೆ ಪ್ರಾಮಾಣಿಕ ಹುಡುಗನೊಬ್ಬನ ಕಥೆ ಹೇಳಿದೆ. "ಇದರಿಂದ ಏನು ಕಲಿತಿರಿ?" ಎಂದಾಗ ನಲವತ್ತು ಗಂಟಲುಗಳು ಒಂದೇ ರಾಗದಲ್ಲಿ ಉತ್ತರ ಕೊಟ್ಟವು. ಶಾಲೆ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರ್ ರಸ್ತೆ ಉಬ್ಬಿನ ಹತ್ತಿರ ನಿಧಾನವಾಯಿತು. ಅದೇ ನಲವತ್ತರಲ್ಲಿ ಅರ್ಧದಷ್ಟು ಮಂದಿ ಟ್ರೇಲರಿನ ಹಿಂದೆ ಓಡಿ ಜಲ್ಲೆ ಎಳೆಯುತ್ತಿದ್ದರು. ಒಬ್ಬ ನನಗೂ ಒಂದು ತುಂಡು ತಂದುಕೊಟ್ಟ. ತಿಂದೆನೋ ಇಲ್ಲವೋ ಎಂಬುದು ಇಲ್ಲಿ ಬೇಡ.

ಮಕ್ಕಳು ಸುಳ್ಳು ಹೇಳಿರಲಿಲ್ಲ. ಕಥೆಯ ಪ್ರಾಮಾಣಿಕತೆಗೂ ಕಬ್ಬಿಗೂ ಸಂಬಂಧವಿದೆ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಡಾರ್ಸಿಯಾ ನಾರ್ವೇಜ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ದೊಡ್ಡವರು ಕಥೆಯೊಳಗೆ ಇಟ್ಟ ನೀತಿಯನ್ನು ಚಿಕ್ಕ ಮಕ್ಕಳು ಎಷ್ಟೋ ಸಲ ಹೆಕ್ಕುವುದೇ ಇಲ್ಲ, ಬೇರೆಯದನ್ನೇ ಹಿಡಿದುಕೊಂಡು ಹೋಗುತ್ತಾರೆ.

ಹಾಗಾದರೆ ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಕಥೆಯನ್ನು ಎಲ್ಲಿ ನಿಲ್ಲಿಸಬೇಕು?

ಮರುವಾರ ಕಬ್ಬನ್ನೇ ಕಥೆ ಮಾಡಿದೆ. ಮಲ್ಲು ಎಂಬ ಹುಡುಗ ದಿನವೂ ಗೆಳೆಯರ ಜೊತೆ ಟ್ರೇಲರಿನಿಂದ ಎರಡು ಜಲ್ಲೆ ಎಳೆಯುತ್ತಾನೆ. ಒಂದು ಸಂಜೆ ಬರುವ ಟ್ರ್ಯಾಕ್ಟರಿನಲ್ಲಿರುವುದು ಅವನ ಅಪ್ಪನ ಹೊಲದ ಕಬ್ಬು. ಗೆಳೆಯರಿಗೆ ಅದು ಗೊತ್ತಿಲ್ಲ, ಆಗಲೇ ಓಡತೊಡಗಿದ್ದಾರೆ. ಮಲ್ಲು ಕೂಗಲು ಬಾಯಿ ತೆರೆದ. ಅಷ್ಟೇ, ಅಲ್ಲಿಗೆ ನಿಲ್ಲಿಸಿದೆ. ಎಂಟು ನಿಮಿಷದ ಕಥೆ. ಯಾವ ದಾರಿ ಹಿಡಿದರೂ ಹುಡುಗನಿಗೆ ಏನೋ ಒಂದು ಕಳೆದುಹೋಗಬೇಕು, ಅಂಥ ಜಾಗದಲ್ಲಿ ನಿಲ್ಲಿಸಬೇಕು. ಒಂದು ದಾರಿ ಸರಿ, ಇನ್ನೊಂದು ತಪ್ಪು ಎಂದು ಎದ್ದು ಕಾಣುತ್ತಿದ್ದರೆ ಅದು ಮತ್ತೆ ನೀತಿಕಥೆಯೇ.

ಆಮೇಲೆ ಎರಡು ನಿಮಿಷ ಎಲ್ಲರೂ ಮೌನವಾಗಿ ಬರೆದರು: ಮಲ್ಲು ಏನೆಂದು ಕೂಗುತ್ತಾನೆ? ಬರೆಸದೆ ಬಾಯಿಮಾತಿಗೆ ಬಿಟ್ಟರೆ ಮುಂದಿನ ಬೆಂಚಿನ ಜಾಣನ ಉತ್ತರವೇ ತರಗತಿಯ ಉತ್ತರವಾಗುತ್ತದೆ. ಬಳಿಕ ಪಕ್ಕದವರ ಜೊತೆ ಮಾತು, ಕೊನೆಗೆ ಇಡೀ ತರಗತಿ. ಒಬ್ಬ, "ಹದಿನೈದು ಟನ್ನಿನಲ್ಲಿ ಎರಡು ಜಲ್ಲೆ ಯಾರಿಗೆ ಗೊತ್ತಾಗುತ್ತದೆ ಸರ್?" ಎಂದ. ಇನ್ನೊಬ್ಬ ದಾರಿಯಲ್ಲಿರುವ ಉಬ್ಬುಗಳನ್ನು ಎಣಿಸತೊಡಗಿದ. ಮೂರನೆಯವನು ಕಬ್ಬು ಉಳಿಸಬೇಕು ಎಂದಾಗ ನಾನು ಬಾಯಿತಪ್ಪಿ "ಶಭಾಷ್" ಎಂದೆ. ಮುಗಿಯಿತು! ಮುಂದಿನ ಐದು ಮಂದಿ ಅವನ ಮಾತನ್ನೇ ಒಪ್ಪಿಸಿದರು. ಉಪದೇಶ ಹಿಂಬಾಗಿಲಿನಿಂದ ಒಳಗೆ ಬಂದಿದೆ ಎಂಬುದಕ್ಕೆ ಇದೇ ಗುರುತು. ಈಗ ಹಿಡಿಸಿದ ಉತ್ತರಕ್ಕೂ ಹಿಡಿಸದ ಉತ್ತರಕ್ಕೂ ಒಂದೇ ದನಿಯಲ್ಲಿ "ಯಾಕೆ ಹಾಗೆ ಅನ್ನಿಸಿತು?" ಎನ್ನುತ್ತೇನೆ, ಮನಸ್ಸಿನಲ್ಲಿ ಮೂರರವರೆಗೆ ಎಣಿಸುತ್ತೇನೆ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ಮೂರು ಸೆಕೆಂಡು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂದು ಮಾಸ್ತರರಿಗೇ ಗೊತ್ತು.

ಹಾಗೆ ಕಾಯುತ್ತಿದ್ದಾಗಲೇ ಹಿಂದಿನ ಬೆಂಚಿನ ಹುಡುಗಿ ಕೇಳಿದ್ದು: "ಕಬ್ಬು ಅಪ್ಪನದಲ್ಲದಿದ್ದರೆ ಕೂಗುತ್ತಿದ್ದನೇ?"

ಆ ಪ್ರಶ್ನೆ ನನ್ನ ಟಿಪ್ಪಣಿಯಲ್ಲಿತ್ತು. ನಾನು ಅದನ್ನು ತೆಗೆಯದೆ ಜೇಬಿನಲ್ಲೇ ಉಳಿಸಿಕೊಂಡೆ. ಕೊನೆಯ ಐದು ನಿಮಿಷ ಚೀಟಿ: ನಿಮಗೂ ಇಂಥದ್ದು ಆದದ್ದುಂಟೇ? ಹೆಸರು ಬೇಡ, ಓದಿ ಹೇಳುವುದೂ ಬೇಡ, ಬೇಕಾದರೆ ಮನೆಗೆ ಒಯ್ಯಿರಿ. ತಪ್ಪೊಪ್ಪಿಗೆ ಮಾಡಿಸುವುದು ನಮ್ಮ ಕೆಲಸವಲ್ಲ. ತರಗತಿಯಲ್ಲಿ ನಿಜವಾಗಿ ನಡೆದ ಕಳ್ಳತನವನ್ನು ಹೆಸರು ಬದಲಿಸಿ ಕಥೆ ಮಾಡುವುದಂತೂ ಬೇಡವೇ ಬೇಡ, ಐದೇ ನಿಮಿಷದಲ್ಲಿ ಎಲ್ಲರೂ ಆ ಮಗುವಿನತ್ತ ತಿರುಗುತ್ತಾರೆ.

ಒಂದನ್ನು ಮಾತ್ರ ಚರ್ಚೆಗೆ ಬಿಡಲಿಲ್ಲ. ಓಡುವ ಟ್ರೇಲರಿನ ಹಿಂದೆ ಹೋದರೆ ಚಕ್ರದ ಕೆಳಗೆ ಸಿಗುತ್ತೀರಿ, ಹೋಗಬೇಡಿ ಎಂದು ನೇರವಾಗಿ ಹೇಳಿದೆ. ಜೀವದ ವಿಷಯಕ್ಕೆ "ನಿಮಗೇನು ಅನ್ನಿಸುತ್ತದೆ?" ಎಂದು ಕೇಳುತ್ತಾ ಕೂರಲಾಗದು.

ಕಬ್ಬು ಎಳೆಯುವುದು ನಿಂತಿತೇ ಎಂದರೆ, ಆ ಹಂಗಾಮಿನಲ್ಲಿ ನಿಲ್ಲಲಿಲ್ಲ. ಆದರೆ ಒಂದು ಸಂಜೆ ಇಬ್ಬರು ಉಬ್ಬಿನ ಪಕ್ಕ ನಿಂತು ಇದು ಯಾರ ಹೊಲದ್ದು ಎಂದು ಜಗಳವಾಡುತ್ತಿದ್ದರು. ಅಷ್ಟರಲ್ಲಿ ಟ್ರ್ಯಾಕ್ಟರ್ ಮುಂದೆ ಹೋಗಿತ್ತು.

ಮಲ್ಲುವಿನ ಕಥೆ ಬೇಕಿದ್ದರೆ ತೆಗೆದುಕೊಳ್ಳಿ. ಅವನು ಏನೆಂದು ಕೂಗಿದ ಎಂದು ಕೇಳಲು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಬೇಡಿ.