84 ಸ್ಲೈಡುಗಳಿಂದ ಒಂದು ಹಾಳೆಗೆ

ಹೊಸದಾಗಿ ಕೆಲಸಕ್ಕೆ ಸೇರಿದ ಸಹೋದ್ಯೋಗಿಯೊಬ್ಬರು ತಮ್ಮ 40ನೆಯ ದಿನ ನನ್ನ ಮೇಜಿನ ಬಳಿ ಬಂದು, ತಾಯಿಯ ಹೆಸರನ್ನು ಆರೋಗ್ಯ ವಿಮೆಗೆ ಸೇರಿಸುವುದು ಹೇಗೆಂದು ಕೇಳಿದರು. ನಮ್ಮಲ್ಲಿ ಕುಟುಂಬದವರ ಹೆಸರು ಸೇರಿಸಲು ಕೆಲಸಕ್ಕೆ ಸೇರಿದ ದಿನದಿಂದ 30 ದಿನಗಳ ಅವಕಾಶವಿರುತ್ತದೆ. ಅದು ಮುಗಿದರೆ ಮುಂದಿನ ನವೀಕರಣದವರೆಗೆ ಕಾಯಲೇಬೇಕು. ಆ ವಿಷಯವನ್ನು ಅವರಿಗೆ ಹೇಳಿರಲಿಲ್ಲವೇ ಎಂದು ನೋಡಲು ಮೊದಲ ದಿನ ತೋರಿಸುವ ಪ್ರೆಸೆಂಟೇಶನ್ ತೆರೆದೆ. ಹೇಳಿದ್ದೆವು. 61ನೆಯ ಸ್ಲೈಡಿನ ಕೆಳಗಿನ ಸಾಲಿನಲ್ಲಿ, ವಿಮಾ ಮೊತ್ತದ ಕೋಷ್ಟಕದ ಅಡಿಯಲ್ಲಿ, ಸಣ್ಣ ಅಕ್ಷರಗಳಲ್ಲಿ ಅದು ಇತ್ತು. ಆ ಸ್ಲೈಡನ್ನು ಅವರಿಗೆ ತೋರಿಸಿದವಳು ನಾನೇ. ಊಟದ ನಂತರದ ಮೂರನೆಯ ಗಂಟೆಯಲ್ಲಿ ಅದು ಪರದೆಯ ಮೇಲೆ ಬಂದು ಅರ್ಧ ನಿಮಿಷ ನಿಂತು ಹೋಗಿರಬೇಕು.

ಅವರು ದೂರಲಿಲ್ಲ. "ಮೇಡಂ, ಅವತ್ತು ಎಲ್ಲವನ್ನೂ ಕೇಳಿಸಿಕೊಂಡೆ, ಆದರೆ ಯಾವುದನ್ನು ಮಾಡಬೇಕು, ಯಾವುದನ್ನು ತಿಳಿದಿದ್ದರೆ ಸಾಕು ಎಂಬುದು ಗೊತ್ತಾಗಲಿಲ್ಲ" ಎಂದಷ್ಟೇ ಹೇಳಿದರು. ಅವರು ಹೋದ ಮೇಲೂ ಆ ಮಾತು ನನ್ನಲ್ಲಿ ಉಳಿಯಿತು. ಹೊಸಬರಿಗೆ ಒಂದು ಪುಟದ ಚೆಕ್‌ಲಿಸ್ಟ್ ಮಾಡಿಕೊಡಬೇಕೆಂದು ನಿರ್ಧರಿಸಿದ್ದು ಅಂದೇ.

ಮೊದಲ ಪ್ರಯತ್ನ ಸಂಪೂರ್ಣ ತಪ್ಪು ದಾರಿಯಲ್ಲಿ ಹೋಯಿತು. ಪ್ರತಿ ಸ್ಲೈಡಿನ ಸಾರವನ್ನು ಒಂದೊಂದು ಸಾಲಿಗೆ ಇಳಿಸುತ್ತಾ ಹೋದೆ. ಸಂಜೆಯ ಹೊತ್ತಿಗೆ ಮೂರು ಪುಟಗಳಾಗಿದ್ದವು; ಅಕ್ಷರದ ಗಾತ್ರವನ್ನು 8ಕ್ಕೆ ಇಳಿಸಿ ಅವುಗಳನ್ನು ಒಂದೇ ಪುಟದಲ್ಲಿ ಹಿಡಿಸಿದೆ. ಮುದ್ರಿಸಿ ನೋಡಿದಾಗ ಅದು ಅದೇ ಪ್ರೆಸೆಂಟೇಶನ್ ಆಗಿತ್ತು, ಇನ್ನಷ್ಟು ಓದಲಾಗದ ರೂಪದಲ್ಲಿ. "ಮಾಹಿತಿ ಭದ್ರತೆಯ ಮಹತ್ವವನ್ನು ಅರಿಯಿರಿ" ಎಂಬ ಸಾಲಿನ ಮುಂದೆ ನಾನೊಂದು ಚೌಕ ಬಿಡಿಸಿದ್ದೆ. ಆ ಚೌಕಕ್ಕೆ ಯಾರಾದರೂ ಯಾವಾಗ ಟಿಕ್ ಹಾಕಬೇಕು? ಅರಿವು ಮೂಡಿತೆಂದು ತೋರಿದ ಕ್ಷಣದಲ್ಲೇ? ಸಾರಾಂಶವೇ ಬೇರೆ, ಚೆಕ್‌ಲಿಸ್ಟೇ ಬೇರೆ ಎಂಬುದು ಆ ಚೌಕವನ್ನು ನೋಡುತ್ತಿದ್ದಾಗ ನನಗೆ ಸ್ಪಷ್ಟವಾಯಿತು.

ಮರುದಿನ 84 ಸ್ಲೈಡುಗಳನ್ನೂ ಹಾಳೆಗೆ ನಾಲ್ಕರಂತೆ ಮುದ್ರಿಸಿ, ಕತ್ತರಿಸಿ, ಸಭಾಕೊಠಡಿಯ ಉದ್ದನೆಯ ಮೇಜಿನ ಮೇಲೆ ಹರಡಿದೆ. ಐಟಿ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆದೆ. ಪ್ರತಿ ಚೂರನ್ನು ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿಕೊಂಡೆವು: ಇದನ್ನು ನೋಡಿದವರು ಎದ್ದು ಹೋಗಿ ಏನಾದರೂ ಮಾಡಬೇಕೇ? ಸಂಸ್ಥೆಯ ಇತಿಹಾಸ, ಧ್ಯೇಯ, ವಿಭಾಗಗಳ ರಚನೆ ಇವುಗಳನ್ನು ಹೇಳುವ 30 ಸ್ಲೈಡುಗಳು ಒಂದು ರಾಶಿಯಾದವು. ರಜೆಯ ವಿಧಗಳು, ಪ್ರಯಾಣ ವೆಚ್ಚದ ನಿಯಮಗಳಂತಹ, ಬೇಕಾದಾಗ ತೆರೆದು ನೋಡುವ ಮಾಹಿತಿಯ 35 ಸ್ಲೈಡುಗಳು ಇನ್ನೊಂದು ರಾಶಿಯಾದವು. ಮಾಡಬೇಕಾದ ಕೆಲಸ ಇದ್ದದ್ದು ಉಳಿದ 19ರಲ್ಲಿ ಮಾತ್ರ.

ಆದರೆ ಆ 19 ಸ್ಲೈಡುಗಳಲ್ಲಿ ಕೆಲಸಗಳು 43 ಇದ್ದವು, ಮತ್ತು ಅವುಗಳನ್ನು ಹೊರಗೆಳೆಯುವುದೇ ಆ ದಿನದ ನಿಜವಾದ ಶ್ರಮವಾಯಿತು. ಕಾರಣ, ನಮ್ಮ ಸ್ಲೈಡುಗಳ ಭಾಷೆ. "ಲಾಗಿನ್ ವಿವರಗಳನ್ನು ಒದಗಿಸಲಾಗುವುದು", "ಸಂಬಂಧಪಟ್ಟ ಫೋಲ್ಡರುಗಳಿಗೆ ಪ್ರವೇಶ ನೀಡಲಾಗುವುದು", "ಬ್ಯಾಂಕ್ ವಿವರಗಳನ್ನು ದಾಖಲಿಸತಕ್ಕದ್ದು" ಎಂಬ ಧಾಟಿ ಎಲ್ಲೆಡೆ ಇತ್ತು. ಈ "ಲಾಗುವುದು" ಎಂದು ಕೊನೆಗೊಳ್ಳುವ ಕ್ರಿಯಾಪದದಲ್ಲಿ ಕರ್ತೃವೇ ಕಾಣಿಸುವುದಿಲ್ಲ. ಒದಗಿಸುವವರು ಯಾರು? ಯಾವಾಗ? ಒದಗಿಸದಿದ್ದರೆ ಯಾರನ್ನು ಕೇಳಬೇಕು? ಹೊಸಬರು ಅದನ್ನು ಓದಿ ಸುಮ್ಮನೆ ಕಾಯುತ್ತಾರೆ. ಅವರ ಮ್ಯಾನೇಜರ್ ಐಟಿಯವರು ಮಾಡುತ್ತಾರೆಂದು ತಿಳಿದಿರುತ್ತಾರೆ. ಐಟಿಯವರು ಮ್ಯಾನೇಜರ್ ಕೋರಿಕೆ ಕಳುಹಿಸಲಿ ಎಂದು ಕಾಯುತ್ತಿರುತ್ತಾರೆ. ಇಂತಹ ಪ್ರತಿ ವಾಕ್ಯವನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿ, ಅದರ ಪಕ್ಕದಲ್ಲಿ ಮಾಡುವವರು ಯಾರೆಂದು ಬರೆಯುತ್ತಾ ಹೋದೆವು. ಕೆಲವು ಕಡೆ ನಮ್ಮಿಬ್ಬರಿಗೇ ಗೊತ್ತಿರಲಿಲ್ಲ, ಫೋನ್ ಮಾಡಿ ಕೇಳಬೇಕಾಯಿತು.

ಹೀಗೆ ಬರೆದಾಗ 43ರಲ್ಲಿ 14 ಕೆಲಸಗಳು ಹೊಸಬರವೇ ಅಲ್ಲವೆಂದು ತಿಳಿಯಿತು. ಅವು ಮ್ಯಾನೇಜರ್, ಐಟಿ ಅಥವಾ ನಮ್ಮ ಎಚ್‌ಆರ್ ವಿಭಾಗ ಮಾಡಬೇಕಾದವು. ಅವನ್ನು ಬೇರ್ಪಡಿಸಿ, ಹೊಸಬರು ಬರುವ ಒಂದು ವಾರ ಮೊದಲೇ ಮ್ಯಾನೇಜರಿಗೆ ಹೋಗುವ ಅರ್ಧ ಪುಟದ ಪಟ್ಟಿಯಾಗಿ ಮಾಡಿದೆವು. ಉಳಿದ 29ರಲ್ಲಿ ಆರು ಕೆಲಸಗಳು ಬೇರೆ ಬೇರೆ ವಿಭಾಗಗಳ ಸ್ಲೈಡುಗಳಲ್ಲಿ ಎರಡೆರಡು ಸಲ ಬಂದಿದ್ದವು, ಆ ಆರು ಪುನರಾವರ್ತನೆಗಳನ್ನು ಕೈಬಿಟ್ಟೆವು. ಐದು ಕೆಲಸಗಳು ಮೊದಲ ತಿಂಗಳಿನ ನಂತರದವಾಗಿದ್ದರಿಂದ ಅವುಗಳಿಗೆ ಕ್ಯಾಲೆಂಡರಿನಲ್ಲಿ ನೆನಪೋಲೆ ಇಟ್ಟರೆ ಸಾಕಾಗಿತ್ತು. ಕೊನೆಗೆ ಉಳಿದದ್ದು 18. ಹದಿನೆಂಟು ಸಾಲುಗಳು 11 ಪಾಯಿಂಟಿನ ಅಕ್ಷರದಲ್ಲಿ ಎ4 ಹಾಳೆಯಲ್ಲಿ ನಿರಾಳವಾಗಿ ಕೂರುತ್ತವೆ.

ಅವುಗಳ ಕ್ರಮವನ್ನು ನಿರ್ಧರಿಸುವಾಗ ಜೊತೆಗಿದ್ದ ಐಟಿಯವರ ಬೆಲೆ ನನಗೆ ತಿಳಿಯಿತು. ಪ್ರೆಸೆಂಟೇಶನ್ ವಿಭಾಗವಾರು ಬೆಳೆದಿತ್ತು: ಮೊದಲು ಎಚ್‌ಆರ್, ಆಮೇಲೆ ಹಣಕಾಸು, ಆಮೇಲೆ ಐಟಿ. ಹಾಗಾಗಿ ರಜೆ ಮತ್ತು ಸಂಬಳದ ಪೋರ್ಟಲಿಗೆ ಲಾಗಿನ್ ಆಗಿ ಬ್ಯಾಂಕ್ ವಿವರ ತುಂಬಬೇಕೆಂಬ ಸೂಚನೆ 22ನೆಯ ಸ್ಲೈಡಿನಲ್ಲಿತ್ತು. ಆ ಪೋರ್ಟಲ್ ತೆರೆಯಲು ಬೇಕಾದ, ಫೋನಿಗೆ ಸಂಕೇತ ಬರುವ ಎರಡನೆಯ ಹಂತದ ದೃಢೀಕರಣವನ್ನು ಹೊಂದಿಸುವ ವಿಧಾನ 47ನೆಯದರಲ್ಲಿತ್ತು. ಮನೆಯಿಂದ ಕೆಲಸ ಮಾಡುವವರಿಗೆ ಇನ್ನೂ ಕಷ್ಟದ ಗಂಟೊಂದಿತ್ತು. ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ ಕೇಳುವ ಅರ್ಜಿ ಆಂತರಿಕ ಜಾಲತಾಣದಲ್ಲಿತ್ತು, ಆ ಜಾಲತಾಣ ವಿಪಿಎನ್ ಇಲ್ಲದೆ ತೆರೆಯುತ್ತಿರಲಿಲ್ಲ. ವರ್ಷಗಳಿಂದ ಇದು ಹೇಗೆ ನಡೆಯುತ್ತಿತ್ತೆಂದರೆ, ಹೊಸಬರು ಪಕ್ಕದವರನ್ನು ಕೇಳಿ, ಅವರ ಮೂಲಕ ಅರ್ಜಿ ಹಾಕಿಸುತ್ತಿದ್ದರು. ಯಾರೂ ಅದನ್ನು ದೋಷವೆಂದು ವರದಿ ಮಾಡಿರಲಿಲ್ಲ. ಆ ಅರ್ಜಿಯನ್ನು ಮ್ಯಾನೇಜರ್ ಪಟ್ಟಿಗೆ ಸಾಗಿಸಿದೆವು. ಉಳಿದ ಸಾಲುಗಳನ್ನು ಯಾವುದು ಆಗದೆ ಯಾವುದು ಆಗದು ಎಂಬ ಆಧಾರದ ಮೇಲೆ ಜೋಡಿಸಿ, ನಡುವೆ ಎರಡು ಗೆರೆ ಎಳೆದು, ಮೊದಲ ದಿನ, ಮೊದಲ ವಾರ, 30ನೆಯ ದಿನದೊಳಗೆ ಎಂದು ವಿಂಗಡಿಸಿದೆವು. ವಿಮೆಯ ಸಾಲನ್ನು ಕೊನೆಯ ಗುಂಪಿನಲ್ಲಿ ಇಡಬಹುದಿತ್ತಾದರೂ ನಾನು ಅದನ್ನು ಮೊದಲ ವಾರಕ್ಕೆ ತಂದೆ, ಏಕೆಂದರೆ ಕೊನೆಯ ದಿನ ಯಾವುದಾದರೂ ದಾಖಲೆ ಸಿಗದಿದ್ದರೆ ಅವಕಾಶವೇ ತಪ್ಪಿಹೋಗುತ್ತದೆ.

ಕಾನೂನು ವಿಭಾಗದವರಿಗೆ ಹಾಳೆಯನ್ನು ತೋರಿಸಿದಾಗ, ನೀತಿ ಸಂಹಿತೆಯ ಮುಖ್ಯಾಂಶಗಳನ್ನೂ ಸೇರಿಸಬೇಕೆಂದರು. ನಾನು ಒಪ್ಪಲಿಲ್ಲ. ನಿಯಮದ ಮಾತು ಎರಡು ಕಡೆ ಬರೆದರೆ ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ, ಜನರು ನಂಬುವುದು ಕೈಯಲ್ಲಿರುವ ಹಾಳೆಯನ್ನೇ. "ನೀತಿ ಸಂಹಿತೆಯನ್ನು ಓದಿ ಸಹಿ ಮಾಡಿ" ಎಂದು ಕೆಲಸವನ್ನು ಮಾತ್ರ ಬರೆದು, ಮೂಲ ದಾಖಲೆ ಎಲ್ಲಿದೆ ಎಂಬುದನ್ನು ಪಕ್ಕದಲ್ಲಿ ಕೊಟ್ಟೆವು. ಅದೇ ಕಾರಣಕ್ಕೆ ವಿಮಾ ಮೊತ್ತವಾಗಲಿ, ರಜೆಗಳ ಸಂಖ್ಯೆಯಾಗಲಿ ಹಾಳೆಯಲ್ಲಿ ಬರಲಿಲ್ಲ. 30 ದಿನಗಳ ಗಡುವು ಮಾತ್ರ ಬಂತು, ಏಕೆಂದರೆ ಅದನ್ನು ತಿಳಿಯದವರಿಗೆ ನಷ್ಟವಾಗುತ್ತದೆ.

ಮುಂದಿನ ಸೋಮವಾರ ಒಬ್ಬರು ಕೆಲಸಕ್ಕೆ ಸೇರುವವರಿದ್ದರು. ಅವರ ಒಪ್ಪಿಗೆ ಪಡೆದು ಪಕ್ಕದ ಕುರ್ಚಿಯಲ್ಲಿ ಕುಳಿತೆ. ಅವರು ಕೇಳುವವರೆಗೆ ಬಾಯಿ ತೆರೆಯಬಾರದೆಂದು ನನಗೆ ನಾನೇ ಕಟ್ಟುಪಾಡು ಹಾಕಿಕೊಂಡಿದ್ದೆ. ಮೊದಲ ಆರು ಸಾಲುಗಳು ಸರಾಗವಾಗಿ ಸಾಗಿದವು. ಏಳನೆಯ ಸಾಲು ಹೀಗಿತ್ತು: "ತಂಡದ ಫೋಲ್ಡರಿಗೆ ಪ್ರವೇಶ ಕೋರಿ." ಅವರು ಕೋರಿಕೆ ಕಳುಹಿಸಿ, ಚೌಕಕ್ಕೆ ಟಿಕ್ ಹಾಕಿ, ಮುಂದೆ ಹೋದರು. ನನಗೂ ಆಗ ಅದರಲ್ಲಿ ತಪ್ಪು ಕಾಣಲಿಲ್ಲ. ಗುರುವಾರ ಅವರಿಗೆ ಮೊದಲ ಕೆಲಸ ಬಂದಾಗ ಫೋಲ್ಡರ್ ತೆರೆಯಲಿಲ್ಲ. ಒಪ್ಪಿಗೆ ನೀಡಬೇಕಿದ್ದವರು ರಜೆಯಲ್ಲಿದ್ದರು. ಹಾಳೆಯಲ್ಲಿ ಟಿಕ್ ಇದ್ದುದರಿಂದ, ಆ ಕೆಲಸ ಬಾಕಿ ಇದೆಯೆಂದು ಅವರಿಗಾಗಲಿ ಅವರ ಮ್ಯಾನೇಜರಿಗಾಗಲಿ ಮೂರು ದಿನ ತಿಳಿದಿರಲಿಲ್ಲ.

ನಾನು ಬರೆದದ್ದು ಕೋರಿಕೆಯ ಸಾಲು. ಬೇಕಾಗಿದ್ದದ್ದು ಫಲಿತಾಂಶದ ಸಾಲು. ಅಂದು ಸಂಜೆ ಎಲ್ಲ ಸಾಲುಗಳನ್ನೂ ಮತ್ತೆ ಓದಿ, ಪ್ರತಿಯೊಂದರಲ್ಲೂ ಕಣ್ಣಿಗೆ ಕಾಣುವ ಗುರುತೊಂದನ್ನು ಸೇರಿಸಿದೆ. ಏಳನೆಯ ಸಾಲು ಈಗ ಹೀಗಿದೆ: "ತಂಡದ ಫೋಲ್ಡರ್ ತೆರೆದು ಅದರೊಳಗಿನ ಒಂದು ಕಡತವನ್ನು ನೋಡಿ. ತೆರೆಯದಿದ್ದರೆ ಮ್ಯಾನೇಜರಿಗೆ ಅಂದೇ ತಿಳಿಸಿ." ಬ್ಯಾಂಕ್ ವಿವರದ ಸಾಲಿಗೆ, ಪೋರ್ಟಲಿನಲ್ಲಿ "ಪರಿಶೀಲಿಸಲಾಗಿದೆ" ಎಂದು ಕಾಣುವವರೆಗೆ ಟಿಕ್ ಹಾಕಬೇಡಿ ಎಂಬ ಸೂಚನೆ ಸೇರಿತು. ವಿಮೆಯ ಸಾಲಿಗೆ, ವಿಮಾ ಕಾರ್ಡಿನಲ್ಲಿ ಕುಟುಂಬದವರ ಹೆಸರು ಮೂಡಿರುವುದನ್ನು ನೋಡಿ ಎಂದು ಬರೆದೆ. ಆರಂಭದಲ್ಲಿ ನನ್ನನ್ನು ಕಾಡಿದ ಮಾಹಿತಿ ಭದ್ರತೆಯ ಸಾಲು, ತರಬೇತಿ ಮುಗಿಸಿದ ಪ್ರಮಾಣಪತ್ರ ಇಮೇಲಿಗೆ ಬಂದಿರುವುದನ್ನು ಖಚಿತಪಡಿಸಿಕೊಳ್ಳುವ ಸಾಲಾಯಿತು. ಸಾಲುಗಳು ತುಸು ಉದ್ದವಾದವು, ಹಾಳೆ ತುಂಬಿತು, ಆದರೂ ಎರಡನೆಯ ಪುಟಕ್ಕೆ ಹೋಗಲಿಲ್ಲ.

ಹಾಳೆಯಿಂದ ಆಗದ್ದೂ ಇದೆ. ಒಂದು ವಿಭಾಗ ಇನ್ನೊಂದರ ಜೊತೆ ಹೇಗೆ ಕೆಲಸ ಮಾಡುತ್ತದೆ, ಯಾವ ತೀರ್ಮಾನದ ಹಿಂದೆ ಯಾವ ಇತಿಹಾಸವಿದೆ ಎಂಬುದನ್ನು ಚೌಕಗಳಲ್ಲಿ ಹೇಳಲು ಬರುವುದಿಲ್ಲ. ಆ 30 ಸ್ಲೈಡುಗಳನ್ನು ನಾವು ಎಸೆಯಲಿಲ್ಲ. ಎರಡನೆಯ ವಾರದಲ್ಲಿ, ಜನರಿಗೆ ತಮ್ಮ ಸುತ್ತಲಿನವರ ಮುಖಪರಿಚಯವಾದ ಮೇಲೆ, ಒಂದು ಗಂಟೆಯ ಮಾತುಕತೆಯಾಗಿ ಮಾಡುತ್ತಿದ್ದೇವೆ. ಅಂದು ಬರುವ ಪ್ರಶ್ನೆಗಳು ಮೊದಲ ದಿನ ಎಂದೂ ಬಂದಿರಲಿಲ್ಲ.

ತಿಂಗಳ ಕೊನೆಗೆ ಹಾಳೆಗಳನ್ನು ಹಿಂದಕ್ಕೆ ಪಡೆದು ಓದುತ್ತೇನೆ. ಟಿಕ್ ಇರುವ ಸಾಲುಗಳಿಗಿಂತ ಖಾಲಿ ಉಳಿದ ಚೌಕಗಳನ್ನೇ ಹೆಚ್ಚು ಹೊತ್ತು ನೋಡುತ್ತೇನೆ. ಹೊಸಬರ ಎರಡನೆಯ ತಂಡದಿಂದ ಬಂದ ಹಾಳೆಯೊಂದರಲ್ಲಿ ಹನ್ನೆರಡನೆಯ ಚೌಕ ಖಾಲಿಯಿತ್ತು, ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿತ್ತು: "ಇಲ್ಲಿ ಹೆಸರಿರುವವರು ಈಗ ಈ ವಿಭಾಗದಲ್ಲಿಲ್ಲ, ಎರಡು ದಿನ ಹುಡುಕಿದೆ." ಹಾಳೆಯಲ್ಲಿ ವ್ಯಕ್ತಿಗಳ ಹೆಸರು ಹಾಕಿದವಳು ನಾನು, ಹೆಸರಿದ್ದರೆ ಕೇಳಲು ಸಂಕೋಚವಾಗದು ಎಂದುಕೊಂಡಿದ್ದೆ. ಅಂದೇ ಎಲ್ಲ ಹೆಸರುಗಳನ್ನೂ ತೆಗೆದು, ಆ ಜಾಗದಲ್ಲಿ ಹುದ್ದೆ ಮತ್ತು ವಿಭಾಗದ ಸಾಮಾನ್ಯ ಇಮೇಲ್ ವಿಳಾಸ ಹಾಕಿ, ಅಡಿಯಲ್ಲಿ ತಿದ್ದಿದ ದಿನಾಂಕವನ್ನು ಬರೆದೆ. ನಂತರ ಹನ್ನೆರಡನೆಯ ಸಾಲಿನ ಕೆಲಸವನ್ನು ಮುಗಿಸಿಕೊಡಲು ಆ ಹಾಳೆಯನ್ನು ಹಿಡಿದು ಅವರ ಮೇಜಿಗೆ ಹೋದೆ.