ಮನೆಪಾಠದ ಫಲಿತಾಂಶ ಹೇಳೋಕೆ ಎಂಟು ಸ್ಲೈಡ್

ಮೈಸೂರಿನಲ್ಲಿ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವ ಒಂದು ಸಣ್ಣ ತಂಡಕ್ಕೆ ಇನ್‌ಸ್ಟಾಗ್ರಾಂ ಪೋಸ್ಟ್ ಮಾಡಿಕೊಡುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಒಂದು ಕ್ಯಾರೊಸೆಲ್ ಹೋಗಲೇಬೇಕು. ಅಂದರೆ ಬೆರಳಲ್ಲಿ ಸರಿಸಿ ನೋಡುವ ಸ್ಲೈಡುಗಳ ಸಾಲು. ಊರಿನ ಟ್ಯೂಷನ್ ಸೆಂಟರುಗಳು ಸಾಲಾಗಿ ಮಕ್ಕಳ ಫೋಟೊ, ಪಕ್ಕದಲ್ಲಿ ಶೇಕಡಾವಾರು ಹಾಕಿ "ಇಂದೇ ಸೇರಿ" ಅಂತ ಮುಗಿಸುತ್ತವೆ. ಮನೆಪಾಠಕ್ಕೆ ಅದು ಹೊಂದುವುದಿಲ್ಲ. ಹೊರಗಿನವರೊಬ್ಬರನ್ನು ಮನೆಯೊಳಗೆ ಕರೆಯುವ ತಾಯಿಗೆ ಬೇರೆಯದೇ ಪ್ರಶ್ನೆ ಇರುತ್ತೆ: ನನ್ನ ಮಗುವಿನ ಪಕ್ಕ ಕೂತು ಇವರು ಏನು ಮಾಡ್ತಾರೆ? ಹಾಗಾಗಿ ನಾನು ಒಂದು ಮಗು, ಒಂದು ವಿಷಯ ಹಿಡಿದು ಎಂಟು ಸ್ಲೈಡ್ ಮಾಡುತ್ತೇನೆ. ಈ ಸಲದ್ದು ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಗಣಿತ.

ಮೊದಲ ಸ್ಲೈಡಿನಲ್ಲಿ ಎರಡೇ ಸಾಲು: "ಗಣಿತ, 80ಕ್ಕೆ 29. ಆಮೇಲೆ 54." ಫೋಟೊ ಇಲ್ಲ, ಹೂವಿನ ಅಂಚೂ ಇಲ್ಲ. ಅಳತೆ 1080×1350. ಕನ್ನಡದಲ್ಲಿ ಒಂದು ತೊಂದರೆ ಇದೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಇಡುವಷ್ಟೇ ಅಂತರ ಇಟ್ಟರೆ ಕೆಳಗಿನ ಸಾಲಿಗೆ ತಾಗುತ್ತವೆ. ಸಾಲಿನ ಅಂತರ ಜಾಸ್ತಿ ಬೇಕು, ಪದಗಳು ಕಮ್ಮಿ ಬೇಕು.

ಎರಡನೇ ಸ್ಲೈಡನ್ನು ಮೊದಲನೆಯದರ ಮುಂದುವರಿಕೆ ಅಂತ ಬರೆಯಬಾರದು. ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವು ಸಲ ಅದೇ ಪೋಸ್ಟನ್ನು ಎರಡನೇ ಸ್ಲೈಡಿನಿಂದ ತೋರಿಸುತ್ತೆ. ಆದ್ದರಿಂದ ಅದು ತಾನಾಗೇ ಅರ್ಥವಾಗಬೇಕು. ನಾವು ಹಾಕಿದ್ದು: "ಅಕ್ಟೋಬರ್. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 29. ಲೆಕ್ಕ ಗೊತ್ತು, ಆದ್ರೆ ಉತ್ತರ ತಪ್ಪು."

ಇಡೀ ಸಾಲಿನ ಜೀವ ಇರುವುದು ಮೂರನೆಯದರಲ್ಲಿ. ಅವಳ ಉತ್ತರಪತ್ರಿಕೆಯ ಒಂದು ತುಣುಕನ್ನು ಹತ್ತಿರದಿಂದ ತೆಗೆದು ಹಾಕಿದೆವು. ಲೆಕ್ಕ 2x² − 7x + 3 = 0. ಶೋಧಕ ಕಂಡುಹಿಡಿಯುವಾಗ ಅವಳು (−7)² ಅನ್ನೋದನ್ನು −49 ಅಂತ ಬರೆದಿದ್ದಾಳೆ. ಅದರಿಂದ 24 ಕಳೆದು −73. "ವಾಸ್ತವ ಮೂಲಗಳಿಲ್ಲ" ಅಂತ ಅಚ್ಚುಕಟ್ಟಾಗಿ ಅಡಿಗೆರೆ ಬೇರೆ! ಸರಿಯಾಗಿ ಮಾಡಿದ್ದರೆ 49 − 24 = 25, ಮೂಲಗಳು 3 ಮತ್ತು 1/2. ಸೂತ್ರ ಬಾಯಿಪಾಠ ಬರುತ್ತೆ, ಎಡವಿದ್ದು ಒಂದು ಚಿಹ್ನೆಯಲ್ಲಿ. ಈ ಸ್ಲೈಡಿಗೆ ಬಂದಷ್ಟು ಮೆಸೇಜ್ ಬೇರೆ ಯಾವುದಕ್ಕೂ ಬರಲಿಲ್ಲ. "ನಮ್ಮ ಹುಡುಗಂದೂ ಇದೇ ಕಥೆ ಮೇಡಂ" ಅಂತ. ಅಂಕ ನೋಡಿದವರು ಮೆಚ್ಚಿ ಮುಂದೆ ಹೋಗುತ್ತಾರೆ. ತಪ್ಪು ನೋಡಿದವರು ಮಗನ ಬ್ಯಾಗಿನಿಂದ ನೋಟ್‌ಬುಕ್ ಹೊರಗೆ ತೆಗೆಯುತ್ತಾರೆ.

ನಾಲ್ಕನೆಯದರಲ್ಲಿ ಏನು ಮಾಡಿದೆವು ಅನ್ನೋದು. "ವೈಯಕ್ತಿಕ ಗಮನ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆ. ಮೊದಲ ತಿಂಗಳು ಹೊಸ ಪಾಠವೇ ಇಲ್ಲ, ಹಳೇ ಉತ್ತರಪತ್ರಿಕೆಯ ತಪ್ಪುಗಳನ್ನು ಮತ್ತೆ ಮಾಡುವುದು. ಆಮೇಲೆ ನಕ್ಷೆಯ ಲೆಕ್ಕ, ಪ್ರಮೇಯದ ಸಾಧನೆ, ಗಡಿಯಾರ ಇಟ್ಟು ಬರೆಯುವುದು. ಇಷ್ಟೇ ಬರೆದು ಪಕ್ಕದಲ್ಲಿ ಅವಳ ತಪ್ಪುಗಳ ಪಟ್ಟಿಯ ಪುಟದ ಫೋಟೊ ಇಟ್ಟೆವು.

ಐದನೆಯದು ಅಂಕದ ಸ್ಲೈಡ್. ಇಲ್ಲಿ ಒಂದು ಜಾಣ ಮೋಸ ನಮ್ಮ ಕಸುಬಿನಲ್ಲಿ ಸಲೀಸಾಗಿ ನಡೆಯುತ್ತೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆಂತರಿಕ ಅಂಕ ಶಾಲೆ ಕೊಡುವಂಥದ್ದು, ಸಾಮಾನ್ಯವಾಗಿ ಧಾರಾಳವಾಗೇ ಬರುತ್ತೆ. ಈ ಹುಡುಗಿಗೆ ಬರವಣಿಗೆಯಲ್ಲಿ 54, ಆಂತರಿಕ 20, ಒಟ್ಟು 74. ಅರ್ಧವಾರ್ಷಿಕದ 80ಕ್ಕೆ 29 ಅಂದರೆ ಶೇಕಡಾ 36. "36ರಿಂದ 74ಕ್ಕೆ" ಅಂತ ಹಾಕಿದರೆ ಎರಡು ಪಟ್ಟಿಗೂ ಜಾಸ್ತಿ ಅನ್ನಿಸುತ್ತೆ. ಎರಡನ್ನೂ 80ಕ್ಕೇ ಇಟ್ಟು ನೋಡಿದರೆ ಶೇಕಡಾ 36ರಿಂದ 67.5. ಅದೂ ಒಳ್ಳೆಯ ಏರಿಕೆಯೇ, ಅಲ್ವಾ? ಹಾಗಾಗಿ ಬರವಣಿಗೆಯ ಅಂಕ ಮಾತ್ರ ಹಾಕಿದೆವು, ನಡುವಿನ ಪೂರ್ವಸಿದ್ಧತಾ ಪರೀಕ್ಷೆಯ 41 ಸೇರಿಸಿ. ಆ 41 ಇರುವುದರಿಂದಲೇ ಉಳಿದೆರಡನ್ನು ನಂಬುತ್ತಾರೆ. ಬೇರೆಯವರ ಪೋಸ್ಟ್ ನೋಡುವಾಗಲೂ ಕೇಳಿ: ಎರಡೂ ಅಂಕ ಎಷ್ಟಕ್ಕೆ?

ಆರನೆಯದನ್ನು ಹಾಕುವುದು ಬೇಡ ಅಂತ ನಮ್ಮಲ್ಲೇ ಒಬ್ಬ ಮೇಷ್ಟ್ರು ಹಟ ಹಿಡಿದಿದ್ದರು. ಅದರಲ್ಲಿ ಇದ್ದದ್ದು ಇಷ್ಟು: ಶಾಲೆಯಲ್ಲಿ ವಿಶೇಷ ತರಗತಿಯೂ ನಡೆದಿತ್ತು, ವಿಜ್ಞಾನ ನಾವು ಹೇಳಿಕೊಟ್ಟಿಲ್ಲ, ಎಲ್ಲ ಮಕ್ಕಳಿಗೂ ಇಷ್ಟೇ ಏರುತ್ತೆ ಅಂತಲ್ಲ. ನಾನು ಬಿಡಲಿಲ್ಲ. ಇದನ್ನು ಓದಿಕೊಂಡೇ ಫೋನ್ ಮಾಡುವವರು "ಗ್ಯಾರಂಟಿ ಕೊಡ್ತೀರಾ" ಅಂತ ಕೇಳುವುದಿಲ್ಲ.

ಏಳನೆಯದು ತಾಯಿಯ ಮಾತು, ವಾಟ್ಸಾಪಿನಲ್ಲಿ ಬಂದದ್ದು ಬಂದ ಹಾಗೇ. ಹೆಸರು, ನಂಬರು, ಶಾಲೆ ಮುಚ್ಚಿ. ಹುಡುಗಿಗೆ ಹದಿನೆಂಟು ತುಂಬಿಲ್ಲ, ಆದ್ದರಿಂದ ಅಪ್ಪ ಅಮ್ಮನ ಒಪ್ಪಿಗೆಯನ್ನು ಫಲಿತಾಂಶ ಬಂದ ಮೇಲೆ ಬರವಣಿಗೆಯಲ್ಲೇ ತೆಗೆದುಕೊಂಡೆವು. ಸೇರುವಾಗಲೇ ಫಾರಂನಲ್ಲಿ ಸಹಿ ಹಾಕಿಸಿಕೊಂಡು ಬಿಡುವ ಅಭ್ಯಾಸ ಹಲವರಿಗಿದೆ. ಕೋಚಿಂಗ್ ಜಾಹೀರಾತುಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ತಂದ ಮಾರ್ಗಸೂಚಿ ಅದನ್ನು ಒಪ್ಪುವುದಿಲ್ಲ. ಖಚಿತ ಯಶಸ್ಸಿನ ಭರವಸೆಗೂ "ಕೆಲವೇ ಸೀಟು ಬಾಕಿ" ಅನ್ನುವ ಸುಳ್ಳು ಅವಸರಕ್ಕೂ ಅಲ್ಲಿ ತಡೆ ಇದೆ. ಅದು ಅನ್ವಯಿಸುವುದು ಐವತ್ತಕ್ಕಿಂತ ಜಾಸ್ತಿ ಮಕ್ಕಳಿರುವ ಕಡೆಗೆ. ನಮ್ಮದು ಸಣ್ಣದು, ಆದರೂ ಅದೇ ಅಳತೆ ಇಟ್ಟುಕೊಂಡಿದ್ದೇವೆ.

ಕೊನೆಯದು ಸೇರ್ಪಡೆಯ ಸ್ಲೈಡ್. ಮನೆಪಾಠದಲ್ಲಿ ಸೀಟು ಅನ್ನೋದೇ ಇಲ್ಲ, ಇರುವುದು ಬಡಾವಣೆ ಮತ್ತು ಹೊತ್ತು. ಸಂಜೆ ಐದರಿಂದ ಎಂಟೂವರೆಯೊಳಗೆ ಒಬ್ಬ ಮೇಷ್ಟ್ರು ಹೋಗಿಬರಬಹುದಾದದ್ದು ಎರಡು ಮನೆ, ಅದೂ ಹತ್ತಿರ ಹತ್ತಿರ ಇದ್ದರೆ. ಆದ್ದರಿಂದ ನಾವು ಬರೆದದ್ದು: "ಕುವೆಂಪುನಗರ, ಸೋಮ ಮತ್ತು ಗುರುವಾರ, ಸಂಜೆ 6:45. ಸರಸ್ವತಿಪುರಂ, ಮಂಗಳ ಮತ್ತು ಶುಕ್ರವಾರ, ಸಂಜೆ 5. ಗಣಿತ, 9 ಮತ್ತು 10ನೇ ತರಗತಿ. ತಿಂಗಳಿಗೆ 8 ಸಲ, ₹4,500." ಶುಲ್ಕ ಬರೆಯದಿದ್ದರೆ ದಿನವಿಡೀ "ಫೀಸ್ ಎಷ್ಟು" ಅನ್ನೋದಕ್ಕೇ ಉತ್ತರ ಕೊಡುತ್ತಾ ಕೂರಬೇಕು.

ಆಫರ್ ಅಂತ ರಿಯಾಯಿತಿ ಕೊಡಲಿಲ್ಲ. "ಕಳೆದ ಪರೀಕ್ಷೆಯ ಗಣಿತ ಉತ್ತರಪತ್ರಿಕೆಯ ಫೋಟೊ ಕಳಿಸಿ. ಮಿಸ್ ಮನೆಗೆ ಬಂದು ಒಂದು ಗಂಟೆ ಮಗುವಿನ ಜೊತೆ ಕೂತು, ಅಂಕ ಎಲ್ಲಿ ಹೋಯ್ತು ಅಂತ ಹೇಳ್ತಾರೆ. ಇದಕ್ಕೆ ಹಣ ಇಲ್ಲ. ಟ್ಯೂಷನ್ ಬೇಡ ಅನ್ನಿಸಿದ್ರೆ ಅದನ್ನೂ ಹೇಳ್ತಾರೆ." ಮೂರನೇ ಸ್ಲೈಡ್ ನೋಡಿದವರಿಗೆ ಬೇಕಾಗಿದ್ದು ಅದೇ ತಾನೇ. ಕ್ಯಾಪ್ಷನ್ನಿನಲ್ಲಿ ಲಿಂಕ್ ಹಾಕಿದರೆ ಒತ್ತೋಕೆ ಆಗುವುದಿಲ್ಲ, ಹಾಗಾಗಿ ವಾಟ್ಸಾಪ್ ಲಿಂಕನ್ನು ಬಯೋದಲ್ಲಿ ಇಟ್ಟು ನಂಬರನ್ನು ಸ್ಲೈಡಿನಲ್ಲೇ ದೊಡ್ಡದಾಗಿ ಬರೆದೆವು. ಮಿಕ್ಕ ಏಳರ ಕೆಳಗೂ ಸಣ್ಣದಾಗಿ ನಂಬರು ಇರಲಿ. ಅಮ್ಮಂದಿರ ಗುಂಪುಗಳಲ್ಲಿ ಓಡಾಡುವುದು ಇಡೀ ಪೋಸ್ಟಲ್ಲ, ಯಾವುದೋ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್.

ಬಡಾವಣೆ, ಹೊತ್ತು, ಶುಲ್ಕ ಈ ಮೂರನ್ನು ಕೊನೆಯ ಸ್ಲೈಡ್ ಬಿಟ್ಟು ಬೇರೆಲ್ಲೂ ಬರೆಯಬೇಡಿ. ಹಾಕಿದ ಮೇಲೆ ಸ್ಲೈಡಿನ ಚಿತ್ರ ಬದಲಾಯಿಸೋಕೆ ಆಗುವುದಿಲ್ಲ, ಆದರೆ ಒಂದು ಸ್ಲೈಡನ್ನು ಮಾತ್ರ ಅಳಿಸಬಹುದು. ಜೂನ್ ಹೊತ್ತಿಗೆ ಎರಡೂ ಹೊತ್ತು ತುಂಬಿದ ಮೇಲೆ ನಾವು ಎಂಟನೆಯದನ್ನು ತೆಗೆದುಹಾಕಿ, ಕ್ಯಾಪ್ಷನ್ನಿನಲ್ಲಿ "ಸದ್ಯಕ್ಕೆ ಭರ್ತಿ, ದಸರಾ ಆದ ಮೇಲೆ ಕೇಳಿ" ಅಂತ ತಿದ್ದಿದೆವು. ಉಳಿದ ಏಳು ಹಾಗೇ ಇವೆ.